ಏಳನೆಯ ಪುಟ ಕೊನೆಗೆ ಹೋದದ್ದು ಹೇಗೆ

ಮಗಳು ಗೆಳತಿಯ ರಸಾಯನಶಾಸ್ತ್ರದ ನೋಟ್ಸನ್ನು ಫೋನಿನಲ್ಲಿ ತೆಗೆದುಕೊಂಡು, 23 ಫೋಟೋಗಳನ್ನು ಒಂದು ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳುಹಿಸಿದಳು. ಕೈಗೆ ಬಂದ ಪ್ರತಿಯಲ್ಲಿ ಏಳನೆಯ ಪುಟ ಎಲ್ಲಕ್ಕಿಂತ ಕೊನೆಯಲ್ಲಿತ್ತು. ಕೆಲವು ಹಾಳೆಗಳಲ್ಲಿ ಬರಹದ ಒಂದು ತುಂಡು ಮಾತ್ರ ಅಚ್ಚಾಗಿತ್ತು. ತಪ್ಪು ಅಂಗಡಿಯವರದಲ್ಲ, ಪಿಡಿಎಫ್ ಮಾಡಿದ ಕ್ರಮದ್ದು.

ಕ್ಯಾಮೆರಾ ಸಾಮಾನ್ಯವಾಗಿ ಫೋಟೋಗೆ ಅದನ್ನು ತೆಗೆದ ದಿನಾಂಕ ಮತ್ತು ವೇಳೆಯನ್ನೇ ಹೆಸರಾಗಿ ಇಡುತ್ತದೆ. ಏಳನೆಯ ಪುಟ ಅಲುಗಾಡಿ ಮಸುಕಾಗಿತ್ತೆಂದು ಅವಳು ಅದನ್ನು ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ತೆಗೆದಿದ್ದಳು; ಹಾಗಾಗಿ ಅದು ಸಾಲಿನ ತುದಿಗೆ ಹೋಯಿತು. ಮಸುಕಾದದ್ದನ್ನು ಅಳಿಸಿ, ಉಳಿದವಕ್ಕೆ ನೋಟ್ಸಿನ ಪುಟಸಂಖ್ಯೆಯನ್ನೇ ಹೆಸರಾಗಿ ಕೊಡುವುದು ನನ್ನ ರೂಢಿ. ಆದರೆ 1, 2, 3 ಎಂದಲ್ಲ, 01, 02, 03 ಎಂದು. ಇಲ್ಲವಾದರೆ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುವ ತಂತ್ರಾಂಶಗಳು 1 ಆದ ಮೇಲೆ 10 ಅನ್ನು ತಂದು, 2 ಅನ್ನು 19ರ ನಂತರಕ್ಕೆ ತಳ್ಳುತ್ತವೆ.

ಅಳತೆಯ ವಿಷಯ ಇನ್ನಷ್ಟು ಮೋಸದ್ದು. ಫೋಟೋಗೆ ಪಿಕ್ಸೆಲ್‌ಗಳಿವೆಯೇ ಹೊರತು ಸೆಂಟಿಮೀಟರ್ ಇಲ್ಲ. 3000 × 4000 ಪಿಕ್ಸೆಲ್‌ಗಳ ಫೋಟೋವನ್ನು ಇಂಚಿಗೆ 72 ಪಿಕ್ಸೆಲ್‌ನಂತೆ ಪುಟವಾಗಿಸಿದರೆ ಅದರ ಅಗಲವೇ ಒಂದು ಮೀಟರಿಗಿಂತ ಹೆಚ್ಚಾಗುತ್ತದೆ! ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಇದು ಮುದ್ರಣದವರೆಗೆ ಗೊತ್ತಾಗುವುದಿಲ್ಲ. ಅಂಚು ಕತ್ತರಿಸಿದ ಫೋಟೋಗಳಿದ್ದರಂತೂ ಪುಟಕ್ಕೊಂದು ಅಳತೆ. ಆದ್ದರಿಂದ ಪಿಡಿಎಫ್ ಮಾಡುವಾಗಲೇ ಎ4, ಅಂದರೆ 210 × 297 ಮಿಲಿಮೀಟರ್, ಎಂದು ನಿಗದಿಪಡಿಸಬೇಕು. ನಾನು ಲಿನಕ್ಸ್‌ನಲ್ಲಿ, ಫೋಟೋಗಳಿರುವ ಫೋಲ್ಡರಿನೊಳಗೆ ಹೋಗಿ, ಈ ಒಂದು ಸಾಲಿನಿಂದ ಕೆಲಸ ಮುಗಿಸುತ್ತೇನೆ:

```
img2pdf --pagesize A4 --border 1cm -o notes.pdf *.jpg
```

ಸುತ್ತಲೂ ಒಂದು ಸೆಂಟಿಮೀಟರ್ ಅಂಚು ಬಿಟ್ಟಾಗ ಬರಹಕ್ಕೆ 19 ಸೆಂಟಿಮೀಟರ್ ಅಗಲ ಸಿಗುತ್ತದೆ. ಫೋಟೋ ಎ4 ಹಾಳೆಗಿಂತ ತುಸು ಗಿಡ್ಡವಾದ ಆಕಾರದ್ದಾದ್ದರಿಂದ ಮೇಲೆ ಕೆಳಗೆ ಇನ್ನಷ್ಟು ಬಿಳಿ ಜಾಗ ಉಳಿಯುತ್ತದೆ. ಅದನ್ನು ತುಂಬಲೆಂದು ಹಿಗ್ಗಿಸಿದರೆ ಅಕ್ಷರಗಳು ಉದ್ದುದ್ದವಾಗುತ್ತವೆ, ಹಾಗೇ ಬಿಡುವುದು ಒಳ್ಳೆಯದು. ಈ ತಂತ್ರಾಂಶ ಫೋಟೋವನ್ನು ಕುಗ್ಗಿಸದೆ ಇದ್ದಂತೆಯೇ ಸೇರಿಸುವುದರಿಂದ, ತಲಾ ಮೂರು ಎಂಬಿಯ 23 ಫೋಟೋಗಳು ಎಪ್ಪತ್ತು ಎಂಬಿಯ ಹತ್ತಿರ ಹೋಗುತ್ತವೆ. ಮೊದಲೇ ಪ್ರತಿ ಫೋಟೋದ ಅಗಲವನ್ನು 1500 ಪಿಕ್ಸೆಲ್‌ಗೆ ಇಳಿಸಿದರೆ ಇಂಚಿಗೆ ಸುಮಾರು 200 ಪಿಕ್ಸೆಲ್ ಉಳಿಯುತ್ತದೆ. ಪೆನ್ನಿನ ಬರಹಕ್ಕೆ ಅಷ್ಟು ಧಾರಾಳ, ಪೆನ್ಸಿಲಿನ ತೆಳು ಚಿತ್ರಗಳಿದ್ದರೆ ಮಾತ್ರ ಇಳಿಸುವ ಮುನ್ನ ಯೋಚಿಸಬೇಕು.

ಇನ್ನು ಅಡ್ಡವಾಗಿ ಮಲಗುವ ಪುಟಗಳು. ಮೇಜಿನ ಮೇಲಿನ ಹಾಳೆಗೆ ಫೋನನ್ನು ನೇರ ಮೇಲಿನಿಂದ ಹಿಡಿದಾಗ ಯಾವ ಕಡೆ ಮೇಲೆ ಎಂಬುದು ಫೋನಿಗೇ ತಿಳಿಯದೆ, ಅದು ತಪ್ಪು ದಿಕ್ಕನ್ನು ಫೋಟೋದೊಳಗೆ ಬರೆದಿಡುತ್ತದೆ. ಅಂಥವನ್ನು ಗ್ಯಾಲರಿಯಲ್ಲಿ ತಿರುಗಿಸಿ, ಉಳಿಸಿ, ಆಮೇಲೆ ಸೇರಿಸಬೇಕು.

ಎರಡನೆಯ ಸಲ ಪಿಡಿಎಫ್‌ನ ವಿವರಗಳಲ್ಲಿ ಪುಟದ ಅಳತೆಯನ್ನು ನೋಡಿ, 6, 7, 8ನೆಯ ಪುಟಗಳನ್ನು ಓದಿಕೊಂಡೇ ಮಗಳು ಅಂಗಡಿಗೆ ಕಳುಹಿಸಿದಳು.