ಎರಡೇ ಆಟಗಳ ಪೋರ್ಟ್‌ಫೋಲಿಯೋ ಮತ್ತು ಒಂದು ಕವರ್ ಲೆಟರ್

ನಿನ್ನೆ ಆಫೀಸಿನಲ್ಲಿ ಒಂದು ಕವರ್ ಲೆಟರ್ ಓದಿದೆ. ಅದನ್ನು ಓದದೆಯೇ ಪಕ್ಕಕ್ಕಿಡಲು ಹೊರಟವರ ಮಾತನ್ನೂ ಕೇಳಿದೆ. ಮೊದಲನೆಯದರ ಸಂತೋಷವೂ ಎರಡನೆಯದರ ಸಿಟ್ಟೂ ಇನ್ನೂ ಇಳಿದಿಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿದ ನಾನು ಗೇಮ್ ಸ್ಟುಡಿಯೋ ಸೇರಿದ ಕತೆ ನಿಮಗೆಲ್ಲ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಜೂನಿಯರ್ ಗೇಮ್‌ಪ್ಲೇ ಪ್ರೋಗ್ರಾಮರ್ ಹುದ್ದೆಯೊಂದು ಖಾಲಿ ಇದೆ. ಪಾತ್ರದ ಓಟ, ಜಿಗಿತ, ಕ್ಯಾಮೆರಾದ ಚಲನೆ, ಶತ್ರುವಿನ ನಡವಳಿಕೆ, ಹೀಗೆ ಆಡುವವರ ಕೈಗೆ ನೇರವಾಗಿ ತಾಗುವುದನ್ನೆಲ್ಲ ಬರೆಯುವ ಕೆಲಸ ಅದು. ಅರ್ಜಿ ಹಾಕಿದವರಲ್ಲಿ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳಿದ್ದಾರೆ. ಬಿ.ಕಾಂ. ಮುಗಿಸಿ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ಹೊತ್ತು ಆಟ ತಯಾರಿಸುವ ತಂತ್ರಾಂಶವಾದ ಯೂನಿಟಿಯನ್ನೂ ಸಿ ಶಾರ್ಪ್ ಭಾಷೆಯನ್ನೂ ಸ್ವಂತವಾಗಿ ಕಲಿತವರು. itch.io ತಾಣದಲ್ಲಿ ಅವರವು ಎರಡೇ ಆಟಗಳಿವೆ. ಒಂದು ಮೂರು ಹಂತಗಳ ಜಿಗಿತದ ಆಟ; ಇನ್ನೊಂದು ಗೇಮ್ ಜ್ಯಾಮ್‌ಗಾಗಿ ಒಂದು ವಾರಾಂತ್ಯದಲ್ಲಿ ಮಾಡಿದ, ಕಾವಲುಗಾರನ ಕಣ್ಣು ತಪ್ಪಿಸಿ ಓಡುವ ಆಟ. ಅವರ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಇದನ್ನು ಬರೆಯುತ್ತಿದ್ದೇನೆ.

ಪಟ್ಟಿ ನೋಡುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, "ಎರಡೇ ಆಟ, ಅದೂ ಚಿಕ್ಕವು, ಡಿಗ್ರಿಯೂ ಬೇರೆಯದು, ಮುಂದಿನವರನ್ನು ನೋಡೋಣ" ಎಂದರು. ಪತ್ರವನ್ನು ಅವರು ತೆರೆದಿರಲಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರುವಾಯಿತು. ಪೋರ್ಟ್‌ಫೋಲಿಯೋ ಚಿಕ್ಕದಾಗಿರುವವರ ವಿಷಯದಲ್ಲಿ ಆ ಪತ್ರವೇ ಅತಿ ಮುಖ್ಯವಾದ ದಾಖಲೆ. ಹತ್ತು ಆಟ ಮಾಡಿದವರ ಕೆಲಸ ತಾನೇ ಮಾತನಾಡುತ್ತದೆ. ಎರಡು ಮಾಡಿದವರು ಅವುಗಳೊಳಗೆ ಏನು ನಡೆಯಿತು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ, ನಾವು ಅದನ್ನು ಕೂತು ಓದಬೇಕಾಗುತ್ತದೆ.

ಈಗ ಆ ಪತ್ರಕ್ಕೆ ಬರುತ್ತೇನೆ. ಮೊದಲ ಪ್ಯಾರಾದಲ್ಲಿ ಹುದ್ದೆಯ ಹೆಸರು, ಬ್ರೌಸರ್‌ನಲ್ಲೇ ಆಡಬಹುದಾದ ಆಟದ ಕೊಂಡಿ, ಯಾವ ಕೀಲಿ ಏನು ಮಾಡುತ್ತದೆ, ಆಡಿ ಮುಗಿಸಲು ಸುಮಾರು ಎಷ್ಟು ನಿಮಿಷ ಬೇಕು ಎಂಬ ಮಾಹಿತಿ ಇತ್ತು. ಡೌನ್‌ಲೋಡ್ ಮಾಡಿ, ಜಿಪ್ ಬಿಡಿಸಿ, ವಿಂಡೋಸ್ ಕೊಡುವ ಎಚ್ಚರಿಕೆಯನ್ನು ದಾಟಿ ಆಡುವಷ್ಟು ವ್ಯವಧಾನ ಅರ್ಜಿಗಳ ರಾಶಿಯ ಮುಂದೆ ಕುಳಿತವರಿಗೆ ಇರುವುದಿಲ್ಲ. ಕೊಂಡಿ ಒತ್ತಿದ ಕೂಡಲೇ ಆಟ ಶುರುವಾಗುವಂತೆ ಇಟ್ಟಿದ್ದೇ ನನಗೆ ಅವರ ಬಗ್ಗೆ ಒಂದು ವಿಷಯ ತಿಳಿಸಿತು.

ಎರಡನೇ ಪ್ಯಾರಾದಿಂದ ಪತ್ರದ ಮುಕ್ಕಾಲು ಭಾಗ ಒಂದೇ ಒಂದು ದೋಷದ ಕತೆ. ಜಿಗಿತದ ಆಟವನ್ನು ಅವರ ಚಿಕ್ಕಪ್ಪನ ಮಗ ತನ್ನ ಗೇಮಿಂಗ್ ಕಂಪ್ಯೂಟರಿನಲ್ಲಿ ಆಡಿ, "ಅಕ್ಕಾ, ಸ್ಪೇಸ್ ಒತ್ತಿದರೆ ಹಾರುವುದೇ ಇಲ್ಲ, ನನ್ನ ಕೀಬೋರ್ಡ್ ಕೆಟ್ಟಿದೆಯೋ ಏನೋ" ಎಂದನಂತೆ. ಇವರ ಲ್ಯಾಪ್‌ಟಾಪಿನಲ್ಲಿಯೂ ಆಗೊಮ್ಮೆ ಈಗೊಮ್ಮೆ ಜಿಗಿತ ತಪ್ಪುತ್ತಿತ್ತು, ಆದರೆ ಕೀಲಿ ಸರಿಯಾಗಿ ಒತ್ತಲಿಲ್ಲವೇನೋ ಎಂದುಕೊಂಡು ಬಿಟ್ಟಿದ್ದರು. ಅವನಲ್ಲಿ ಮಾತ್ರ ಮೂರಕ್ಕೆ ಎರಡು ಸಲ ತಪ್ಪುತ್ತಿತ್ತು. ಕೋಡ್ ಒಂದೇ ಆಗಿರುವಾಗ ಎರಡು ಯಂತ್ರಗಳಲ್ಲಿ ಏಕೆ ಇಷ್ಟು ವ್ಯತ್ಯಾಸ ಎಂಬ ಪ್ರಶ್ನೆಯನ್ನು ಅವರು ಹಿಡಿದುಕೊಂಡರು.

ಈ ಕೆಲಸದ ಪರಿಚಯವಿಲ್ಲದವರಿಗೆ ಕಾರಣವನ್ನು ಬಿಡಿಸಿ ಹೇಳುತ್ತೇನೆ. ಯೂನಿಟಿಯಲ್ಲಿ ಎರಡು ಲಯಗಳು ಓಡುತ್ತಿರುತ್ತವೆ. ಪರದೆಯ ಮೇಲೆ ಪ್ರತಿ ಫ್ರೇಮ್ ಮೂಡುವಾಗಲೂ `Update` ಒಮ್ಮೆ ನಡೆಯುತ್ತದೆ. ಬ್ರೌಸರ್‌ನಲ್ಲಿ ಆಡುವಾಗ ಇದು ಸಾಮಾನ್ಯವಾಗಿ ಮಾನಿಟರಿನ ವೇಗಕ್ಕೆ ಹೊಂದಿಕೊಂಡಿರುತ್ತದೆ. ಭೌತಿಕ ಚಲನೆಯ ಲೆಕ್ಕ ನಡೆಯುವ `FixedUpdate` ಮಾತ್ರ, ನಾವು ಬದಲಾಯಿಸದಿದ್ದರೆ, 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಸಲ ನಡೆಯುತ್ತದೆ. ಕೀಲಿ ಒತ್ತಿದ್ದನ್ನು ತಿಳಿಸುವ `GetButtonDown` ಒತ್ತಿದ ಆ ಒಂದು ಫ್ರೇಮ್‌ನಲ್ಲಿ ಮಾತ್ರ ಹೌದು ಎನ್ನುತ್ತದೆ. ಇವರು ಅದನ್ನು `FixedUpdate` ಒಳಗೆ ಕೇಳುತ್ತಿದ್ದರು. ಸೆಕೆಂಡಿಗೆ 60 ಫ್ರೇಮ್ ಓಡುವ ಲ್ಯಾಪ್‌ಟಾಪಿನಲ್ಲಿ ಹತ್ತು ಫ್ರೇಮ್‌ಗಳಿಗೆ `FixedUpdate` ಸಿಗುವುದೇ ಇಲ್ಲ. ಆ ಫ್ರೇಮ್‌ನಲ್ಲಿ ಒತ್ತಿದ ಕೀಲಿ ಕಳೆದುಹೋಗುತ್ತದೆ, ಸರಾಸರಿ ಆರರಲ್ಲಿ ಒಂದು. ತಮ್ಮನ ಮಾನಿಟರು 144 ಹರ್ಟ್ಜ್‌ನದು. ಅಲ್ಲಿ 144 ಫ್ರೇಮ್‌ಗಳಲ್ಲಿ 94ಕ್ಕೆ `FixedUpdate` ಇಲ್ಲ. ಒಳ್ಳೆಯ ಯಂತ್ರವಿದ್ದವನಿಗೇ ಆಟ ಹೆಚ್ಚು ಕೆಟ್ಟದಾಗಿ ಕಂಡದ್ದು ಇದರಿಂದ.

ಇಷ್ಟನ್ನು ಯಾವುದೋ ವಿಡಿಯೋ ನೋಡಿಯೂ ಹೇಳಬಹುದು. ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದು ಮುಂದಿನ ಭಾಗ. ಕಾರಣ ತಿಳಿಯುವ ಮೊದಲು ಅವರು ಮಾಡಿದ ಪರಿಹಾರ ಬೇರೆಯೇ ಇತ್ತು. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ `Fixed Timestep` ಅನ್ನು 0.02ರಿಂದ 0.01ಕ್ಕೆ ಇಳಿಸಿದರು. ಅವರ ಲ್ಯಾಪ್‌ಟಾಪಿನಲ್ಲಿ ಒಂದು ಜಿಗಿತವೂ ತಪ್ಪಲಿಲ್ಲ, ಆದರೆ ಈಗ ಪಾತ್ರ ಎಷ್ಟೋ ಸಲ ಪರದೆಯ ಮೇಲಂಚನ್ನೂ ದಾಟಿ ಹಾರತೊಡಗಿತು. ಎರಡೂ ಕಡೆ `Debug.Log` ಹಾಕಿ, ಫ್ರೇಮ್ ಸಂಖ್ಯೆಯನ್ನು ಮುದ್ರಿಸಿ, ಸಾಲು ಸಾಲಾಗಿ ಓದಿದಾಗ ಒಂದೇ ಫ್ರೇಮ್ ಸಂಖ್ಯೆಯ ಎದುರು ಜಿಗಿತದ ಸಾಲು ಎರಡು ಸಲ ಕಂಡಿತು. ಸೆಕೆಂಡಿಗೆ 100 ಸಲ ಲೆಕ್ಕ, 60 ಫ್ರೇಮ್. ಹೀಗಾಗಿ ಹಲವು ಫ್ರೇಮ್‌ಗಳಲ್ಲಿ ಎರಡೆರಡು `FixedUpdate`. ಮೊದಲ ತಳ್ಳಿಗೆ ಪಾತ್ರ ನೆಲದಿಂದ ಕೂದಲೆಳೆಯಷ್ಟೇ ಮೇಲೆದ್ದಿರುವುದರಿಂದ ನೆಲದ ಮೇಲಿದೆಯೇ ಎಂಬ ಪರೀಕ್ಷೆ ಇನ್ನೂ ಹೌದು ಎನ್ನುತ್ತದೆ, ಎರಡನೇ ತಳ್ಳು ಬೀಳುತ್ತದೆ. ವೇಗ ಇಮ್ಮಡಿಯಾದರೆ ಎತ್ತರ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂದೂ ಅವರೇ ಲೆಕ್ಕ ಹಾಕಿ ಬರೆದಿದ್ದಾರೆ. ತಪ್ಪುವ ಜಿಗಿತ, ಮಿತಿಮೀರಿದ ಜಿಗಿತ, ಎರಡಕ್ಕೂ ಬೇರು ಒಂದೇ ಎಂದು ಅವರಿಗೆ ಗೊತ್ತಾದದ್ದು ಆ ಸಾಲುಗಳನ್ನು ಓದಿದಾಗ. ಕೊನೆಗೆ ಸೆಟ್ಟಿಂಗನ್ನು ಮೊದಲಿನಂತೆಯೇ ಇಟ್ಟು ಕೋಡನ್ನು ಹೀಗೆ ಬದಲಾಯಿಸಿದರು:

```csharp
float pressedAt = -1f;

void Update() {
    if (Input.GetButtonDown("Jump"))
        pressedAt = Time.time;
}

void FixedUpdate() {
    if (grounded && Time.time - pressedAt < 0.1f) {
        pressedAt = -1f;
        Jump();
    }
}
```

ಕೀಲಿಯನ್ನು ಫ್ರೇಮ್‌ನ ಲಯದಲ್ಲಿ ಕೇಳಿ, ಒತ್ತಿದ ಹೊತ್ತನ್ನು ಬರೆದಿಟ್ಟು, ಜಿಗಿತವನ್ನು ಭೌತಿಕ ಲಯದಲ್ಲಿ ಮಾಡಿ, ಮಾಡಿದ ಕೂಡಲೇ ಆ ಹೊತ್ತನ್ನು ಅಳಿಸಿಬಿಡುವುದು ಇಲ್ಲಿನ ಕ್ರಮ. ಹತ್ತನೇ ಒಂದು ಸೆಕೆಂಡಿನ ನೆನಪು ಇರುವುದರಿಂದ ನೆಲ ಮುಟ್ಟುವ ತುಸು ಮೊದಲೇ ಒತ್ತಿದರೂ ಪಾತ್ರ ಹಾರುತ್ತದೆ. ಆರಂಭದ ಬೆಲೆ ಸೊನ್ನೆಯಾಗಿರದೆ -1 ಏಕೆ ಎಂಬುದಕ್ಕೂ ಪತ್ರದಲ್ಲಿ ಒಂದು ವಾಕ್ಯವಿತ್ತು: ಸೊನ್ನೆ ಇಟ್ಟಾಗ ಆಟ ತೆರೆದ ಕೂಡಲೇ ಪಾತ್ರ ತಾನಾಗಿಯೇ ಒಮ್ಮೆ ಹಾರುತ್ತಿತ್ತು. ಅಂಚಿನಿಂದ ಜಾರಿದ ಮೇಲೂ ಕ್ಷಣಕಾಲ ಜಿಗಿಯಲು ಬಿಡುವ ಉಪಾಯವನ್ನು ಸೆಲೆಸ್ಟೆ ಆಟದ ತಯಾರಕರು ಸಾರ್ವಜನಿಕವಾಗಿ ಇಟ್ಟಿರುವ ಕೋಡ್ ಓದಿ ಕಲಿತೆ, ಅದು ನನ್ನ ಸ್ವಂತದ್ದಲ್ಲ ಎಂದೂ ಸ್ಪಷ್ಟವಾಗಿ ಬರೆದಿದ್ದರು.

ಇದಕ್ಕಿಂತ ಹೆಚ್ಚಿಗೆ ಒಬ್ಬ ಜೂನಿಯರ್ ಅಭ್ಯರ್ಥಿಯಿಂದ ಏನು ಬೇಕು ಎಂದು ನಾನು ಸಭೆಯಲ್ಲಿ ಕೇಳಿದೆ, ಇಲ್ಲಿಯೂ ಕೇಳುತ್ತೇನೆ. ಸೇರಿದ ಮೊದಲ ತಿಂಗಳುಗಳಲ್ಲಿ ನಾವು ಅವರಿಗೆ ಕೊಡುವುದು ಇಂಥ ದೋಷಗಳನ್ನೇ. "ಕೆಲವೊಮ್ಮೆ ಹಾರುವುದಿಲ್ಲ" ಎಂಬಷ್ಟೇ ವರದಿ ಇರುತ್ತದೆ. ಅದು ಯಾವಾಗ, ಯಾವ ಯಂತ್ರದಲ್ಲಿ, ಎಷ್ಟು ಸಲ ಎಂದು ಹುಡುಕಿ, ಮೇಲ್ನೋಟಕ್ಕೆ ವಾಸಿಯಾದಂತೆ ಕಂಡದ್ದನ್ನು ನಂಬದೆ, ಬೇರಿಗೆ ಹೋಗುವುದೇ ಕೆಲಸ. ಆ ಕೆಲಸದ ಮಾದರಿಯನ್ನು ಒಂದು ಪುಟದಲ್ಲಿ ನಮ್ಮ ಮುಂದೆ ಇಟ್ಟವರನ್ನು ಆಟಗಳ ಸಂಖ್ಯೆ ಎಣಿಸಿ ತಳ್ಳಿಹಾಕುವುದು ನನಗೆ ಸಹಿಸಲಾಗದ ಸೋಮಾರಿತನವಾಗಿ ಕಾಣುತ್ತದೆ.

ಅದೇ ರಾಶಿಯಲ್ಲಿದ್ದ ಉಳಿದ ಪತ್ರಗಳು ಬಹುಪಾಲು ಒಂದೇ ಅಚ್ಚಿನವು. ಬಾಲ್ಯದಿಂದಲೂ ಆಟಗಳೆಂದರೆ ಪ್ರಾಣ, ಹೊಸದನ್ನು ಬೇಗ ಕಲಿಯುತ್ತೇನೆ, ತಂಡದೊಂದಿಗೆ ಚೆನ್ನಾಗಿ ಬೆರೆಯುತ್ತೇನೆ ಎಂಬ ಮಾತುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಅವನ್ನು ಓದಿದ ಮೇಲೂ ಆ ಮನುಷ್ಯ ಕೀಬೋರ್ಡಿನ ಮುಂದೆ ಕುಳಿತು ಏನು ಮಾಡಬಲ್ಲ ಎಂಬುದು ತಿಳಿಯುವುದಿಲ್ಲ, ಅಷ್ಟೇ. ಒಂದು ಪತ್ರದ ಜೊತೆ ಇದ್ದ ಆಟಗಳೆಲ್ಲ ಟ್ಯುಟೋರಿಯಲ್‌ನಲ್ಲಿ ಕಲಿಸಿದವೇ. ಅವುಗಳಲ್ಲಿ ಅರ್ಜಿದಾರ ಸ್ವಂತವಾಗಿ ಬದಲಿಸಿದ್ದು ಯಾವುದು ಎಂದು ಪತ್ರ ಎಲ್ಲಿಯೂ ಹೇಳಲಿಲ್ಲ. ಸ್ವಂತವಾಗಿ ಕಲಿತವರಿಗೆ ಇಂಥ ಮಾದರಿ ಪತ್ರಗಳನ್ನು ಹಂಚಿ, ಪೋರ್ಟ್‌ಫೋಲಿಯೋ ಚಿಕ್ಕದಾಗಿರುವುದನ್ನು ದೊಡ್ಡ ಮಾತುಗಳಿಂದ ಮುಚ್ಚಿಡಿ ಎಂದು ಹೇಳಿಕೊಡುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ.

ಕವರ್ ಲೆಟರ್ ಯಾರೂ ಓದುವುದಿಲ್ಲ, ಎಚ್.ಆರ್. ವಿಭಾಗ ಪದಗಳನ್ನು ಹುಡುಕಿ ಸೋಸುತ್ತದೆ ಎಂದು ಕೆಲವರು ಕಮೆಂಟ್ ಹಾಕುವುದು ಖಚಿತ. ಸಾವಿರಾರು ಅರ್ಜಿ ಬರುವ ಕಂಪನಿಯಲ್ಲಿ ಹಾಗಿರಬಹುದು. ಹತ್ತು ಹದಿನೈದು ಜನರ ಸ್ಟುಡಿಯೋದಲ್ಲಿ ಪತ್ರ ಬಂದು ಬೀಳುವುದು ಕೋಡ್ ಬರೆಯುವವರ ಮೇಜಿಗೇ. ಜೂನಿಯರ್‌ಗಳನ್ನು ಪದವಿ ಕೇಳದೆ ತೆಗೆದುಕೊಳ್ಳುವುದು ಹೆಚ್ಚಾಗಿ ಇಂಥ ಜಾಗಗಳೇ ಆದ್ದರಿಂದ ಆ ಆಕ್ಷೇಪ ಇವರಿಗೆ ಅನ್ವಯಿಸುವುದಿಲ್ಲ. ಎಲ್ಲಿಂದಲೋ ಎತ್ತಿ ಬರೆದಿರಬಹುದು ಎಂಬ ಅನುಮಾನವನ್ನೂ ಸಹೋದ್ಯೋಗಿ ಎತ್ತಿದರು. ಗಿಟ್‌ಹಬ್‌ನಲ್ಲಿ ಆ ಪ್ರಾಜೆಕ್ಟಿನ ಕಮಿಟ್‌ಗಳನ್ನು ತೆರೆದು ತೋರಿಸಿದೆ: 0.01ಕ್ಕೆ ಇಳಿಸಿದ್ದು, ಲಾಗ್ ಸೇರಿಸಿದ್ದು, ಸೆಟ್ಟಿಂಗನ್ನು ಹಿಂದಕ್ಕೆ ತಂದದ್ದು, ಎಲ್ಲವೂ ಪತ್ರದಲ್ಲಿ ಹೇಳಿದ ಕ್ರಮದಲ್ಲಿಯೇ ಇದ್ದವು. ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಆ ಪತ್ರದಲ್ಲಿ ನನಗೆ ನೋವು ಕೊಟ್ಟದ್ದು ಕೊನೆಯ ಎರಡು ವಾಕ್ಯಗಳು. ಎಂಜಿನಿಯರಿಂಗ್ ಪದವಿ ಇಲ್ಲದಿರುವುದಕ್ಕೆ ಕ್ಷಮಿಸಿ, ಒಂದು ಅವಕಾಶ ಕೊಟ್ಟರೆ ಕಷ್ಟಪಟ್ಟು ದುಡಿಯುತ್ತೇನೆ ಎಂದು ಬರೆದಿದ್ದರು. ಇಷ್ಟು ಚೆನ್ನಾಗಿ ಯೋಚಿಸಬಲ್ಲವರು ಯಾರ ಕ್ಷಮೆಯನ್ನು, ಯಾವ ತಪ್ಪಿಗಾಗಿ ಕೇಳುತ್ತಿದ್ದಾರೆ? ಆ ಎರಡು ವಾಕ್ಯಗಳ ಜಾಗದಲ್ಲಿ ಇನ್ನೊಂದು ಆಟದ ಬಗ್ಗೆ ಬರೆಯಬಹುದಿತ್ತು. ಅದರಲ್ಲಿ ಕಾವಲುಗಾರ ನೇರ ಗೆರೆಯಲ್ಲಿ ಬೆನ್ನಟ್ಟುವುದರಿಂದ ಗೋಡೆಯ ಮೂಲೆಗೆ ಸಿಕ್ಕಿಕೊಂಡು ನಿಂತುಬಿಡುತ್ತಾನೆ, ಇದನ್ನು ಇನ್ನೂ ಸರಿಪಡಿಸಿಲ್ಲ ಎಂದು ಅರ್ಧ ಸಾಲಿನಲ್ಲಿ ಹೇಳಿ ಬಿಟ್ಟಿದ್ದರು. ಬಗೆಹರಿಯದ ಸಮಸ್ಯೆಯನ್ನು ಮುಚ್ಚಿಡದೆ ಹೇಳಿದ್ದೇ ಒಂದು ಗುಣ. ಅದನ್ನು ಹೇಗೆ ಬಗೆಹರಿಸಲು ಯೋಚಿಸಿದ್ದಾರೆ ಎಂಬುದನ್ನೂ ಸೇರಿಸಿದ್ದರೆ ಸಹೋದ್ಯೋಗಿಯ ಬಾಯಿ ಇನ್ನೂ ಬೇಗ ಕಟ್ಟುತ್ತಿತ್ತು.

ಮುಂದಿನ ವಾರ ಅವರನ್ನು ಸಂದರ್ಶನಕ್ಕೆ ಕರೆದಿದ್ದೇವೆ. ಪದವಿಯ ಬಗ್ಗೆ ಯಾರೂ ಪ್ರಶ್ನೆ ಕೇಳಬಾರದೆಂದು ಒಪ್ಪಿಸಿದ್ದೇನೆ. ಆ ಕಾವಲುಗಾರನ ಕೋಡನ್ನು ದೊಡ್ಡ ಪರದೆಯ ಮೇಲೆ ತೆರೆದು, ಅವನನ್ನು ಮೂಲೆಯಿಂದ ಬಿಡಿಸುವುದು ಹೇಗೆಂದು ಜೊತೆಯಲ್ಲಿ ಕುಳಿತು ಒಂದು ಗಂಟೆ ಕೆಲಸ ಮಾಡುವುದೇ ಸಂದರ್ಶನ.