ಮೃಗಶಿರದಲ್ಲಿ ಹಾಕಿದ ಕಬ್ಬು ನವೆಂಬರ್‌ಗೆ ಹೋದ ಕಥೆ

ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಬರೆದು ಇಳಿಸಿಕೊಳ್ಳದೆ ಸಮಾಧಾನ ಇಲ್ಲ.

ಮಂಡ್ಯದಲ್ಲಿ ನಾನು ಕಬ್ಬಿನ ಕಟಾವು ಪಟ್ಟಿಯ ಕೆಲಸ ನೋಡಿಕೊಳ್ಳುತ್ತೇನೆ ಅಂತ ನಿಮಗೆಲ್ಲ ಗೊತ್ತು. ಯಾರು ಮೊದಲು ನಾಟಿ ಮಾಡಿದ್ದಾರೋ ಅವರಿಗೆ ಮೊದಲು ಕಟಾವು. ಇಡೀ ಪಟ್ಟಿ ನಿಂತಿರೋದು ಆ ಒಂದು ನಾಟಿ ದಿನಾಂಕದ ಮೇಲೆ.

ಸೋಮವಾರ ಬೆಳಿಗ್ಗೆ ಒಬ್ಬರು ಯಜಮಾನರು ಬಂದರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, "ಅವ್ವಾ, ನಾನು ನಾಟಿ ಹಾಕಿದ್ದು ಮೃಗಶಿರ ಮಳೇಲಿ. ಪಕ್ಕದ ಗದ್ದೆಯವನು ಹಾಕಿದ್ದು ಭೀಮನ ಅಮಾವಾಸ್ಯೆ ಆದ ಮೇಲೆ. ಅವನಿಗೆ ಪರ್ಮಿಟ್ ಬಂತು, ನನಗೆ ಇಲ್ಲ. ಇದ್ಯಾವ ನ್ಯಾಯ?" ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಪಟ್ಟಿ ತೆಗೆದೆ. ಅವರ ಹೆಸರಿನ ಮುಂದೆ 06-11-2024 ಅಂತ ಇತ್ತು. ನವೆಂಬರ್ ಆರು! ಫೀಲ್ಡ್‌ಮನ್ ಕೈಬರಹದ ಪುಸ್ತಕದಲ್ಲಿ ನೋಡಿದರೆ 11/06/2024. ಜೂನ್ ಹನ್ನೊಂದು, ಮೃಗಶಿರ ಮಳೆ ನಡೆಯುತ್ತಿದ್ದ ದಿನ. ಅವರ ನೆನಪು ಸರಿ. ನಮ್ಮ ಕಂಪ್ಯೂಟರ್ ತಪ್ಪು. 148 ದಿನ ಹಿಂದಕ್ಕೆ ತಳ್ಳಿಬಿಟ್ಟಿದೆ.

ಆದದ್ದು ಇಷ್ಟೇ. ಫೀಲ್ಡ್‌ನಿಂದ ಬರುವ ಮಾಹಿತಿ ಸಿಎಸ್‌ವಿ ಫೈಲ್‌ನಲ್ಲಿ ಬರುತ್ತದೆ. ಸಿಎಸ್‌ವಿ ಅಂದರೆ ಬರೀ ಅಕ್ಷರ. ಅದರಲ್ಲಿ 11/06/2024 ಅಂತ ಇದ್ದರೆ, ಇದು ಜೂನೋ ನವೆಂಬರೋ ಅಂತ ಫೈಲ್ ಹೇಳೋದಿಲ್ಲ. ಎಕ್ಸೆಲ್ ತನ್ನ ಕಂಪ್ಯೂಟರ್‌ನ Region ಸೆಟ್ಟಿಂಗ್ ನೋಡಿ ತಾನೇ ತೀರ್ಮಾನ ಮಾಡುತ್ತದೆ. ನನ್ನ ಕಂಪ್ಯೂಟರ್‌ನಲ್ಲಿ English (India) ಇದೆ. ಪಕ್ಕದ ಟೇಬಲ್‌ಗೆ ಹೊಸದಾಗಿ ಬಂದ ಕಂಪ್ಯೂಟರ್‌ನಲ್ಲಿ English (United States) ಹಾಗೇ ಉಳಿದಿತ್ತು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ದಿನ ಆಮೇಲೆ. ಫೈಲನ್ನು ಆ ಕಂಪ್ಯೂಟರ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಎಕ್ಸೆಲ್ ಫೈಲ್ ಆಗಿ ಸೇವ್ ಮಾಡಿ ನನಗೆ ಕಳಿಸಿದ್ದಾರೆ.

ಅಲ್ಲಿ ಕೂತು ನೋಡಿದರೆ ಏನೂ ತಪ್ಪು ಕಾಣೋದಿಲ್ಲ. ಅದೇ ನನಗೆ ಹೆಚ್ಚು ಕೋಪ ತರಿಸಿದ್ದು. ಎಕ್ಸೆಲ್ ಒಳಗೆ ನವೆಂಬರ್ ಆರು ಅಂತ ಇಟ್ಟುಕೊಂಡಿರುತ್ತದೆ. ಆದರೆ ಪರದೆಯ ಮೇಲೆ ಅಮೆರಿಕದ ಕ್ರಮದಲ್ಲಿ 11/6/2024 ಅಂತ ತೋರಿಸುತ್ತದೆ. ನಮ್ಮ ಕಣ್ಣಿಗೆ ಅದು ಜೂನ್ ಹನ್ನೊಂದೇ ಅಲ್ವಾ? ಫೈಲ್ ನನ್ನ ಕಂಪ್ಯೂಟರ್‌ಗೆ ಬಂದಾಗ ಮಾತ್ರ ಅದು 06-11-2024 ಆಗುತ್ತದೆ.

ಇನ್ನೂ ಒಂದು ಇದೆ. 18/06/2024 ಅಂತ ಇದ್ದರೆ, ಹದಿನೆಂಟನೇ ತಿಂಗಳು ಎಲ್ಲಿಂದ ಬರಬೇಕು? ಎಕ್ಸೆಲ್ ಅದನ್ನು ದಿನಾಂಕ ಅಂತಲೇ ಒಪ್ಪೋದಿಲ್ಲ, ಸುಮ್ನೆ ಅಕ್ಷರವಾಗಿ ಬಿಡುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ತಿರುಗುಮುರುಗಾಗುತ್ತವೆ, ಹದಿಮೂರರಿಂದ ಮುಂದಿನವು ಹಾಗೇ ಉಳಿಯುತ್ತವೆ. ಎಲ್ಲವೂ ಒಂದೇ ಥರ ಕೆಟ್ಟಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಅರ್ಧಂಬರ್ಧ ಕೆಡುತ್ತದೆ.

ನಾಲ್ಕೇ ನಾಲ್ಕು ರೈತರನ್ನು ತೆಗೆದುಕೊಂಡು ನೋಡಿ. ನಾಟಿ ದಿನ 11/06, 18/06, 03/07, 05/08. ನ್ಯಾಯವಾಗಿ ಕಟಾವು ಇದೇ ಕ್ರಮದಲ್ಲಿ ಬರಬೇಕು. ಕೆಟ್ಟ ಫೈಲ್‌ನಲ್ಲಿ 03/07 ಮಾರ್ಚ್ ಏಳಾಗುತ್ತದೆ, 05/08 ಮೇ ಎಂಟಾಗುತ್ತದೆ, 11/06 ನವೆಂಬರ್ ಆರಾಗುತ್ತದೆ. ವಿಂಗಡಿಸುವಾಗ ಎಕ್ಸೆಲ್ ಸಂಖ್ಯೆಗಳನ್ನು ಮೊದಲು ಇಟ್ಟು ಅಕ್ಷರಗಳನ್ನು ಕೊನೆಗೆ ತಳ್ಳುತ್ತದೆ. ಹಾಗಾಗಿ 18/06 ಎಲ್ಲರಿಗಿಂತ ಕೆಳಗೆ. ಜುಲೈನವರು ಮೊದಲು, ಆಗಸ್ಟ್‌ನವರು ಎರಡನೆಯವರು, ಜೂನ್‌ನ ಇಬ್ಬರೂ ಕೊನೆಗೆ. ಯಜಮಾನರು ಕೇಳಿದ್ದು ಇದನ್ನೇ.

"ಫೈಲ್ ಕಳಿಸುವ ಮುಂಚೆ ಒಂದು ಸಲ ನೋಡಬಾರದಿತ್ತಾ?" ಅಂತ ಒಬ್ಬರು ಕೇಳಿದರು. ಏನನ್ನು ನೋಡೋದು ಸ್ವಾಮಿ? ಆ ಪರದೆಯಲ್ಲಿ ಪುಸ್ತಕದಲ್ಲಿ ಇದ್ದ ಹಾಗೇ ಕಾಣುತ್ತಿತ್ತು. ಪಕ್ಕದ ಟೇಬಲ್‌ನ ಹುಡುಗಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವಳ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ. ಕಂಪ್ಯೂಟರ್ ಜೋಡಿಸಿ ಹೋದವರು Region ಬದಲಿಸಬೇಕಿತ್ತು. ಬದಲಿಸಿದ್ದಾರಾ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಆ ಪಟ್ಟಿ ನನ್ನ ಕೈ ದಾಟಿಯೇ ಹೊರಗೆ ಹೋಗಿದ್ದು.

ನನ್ನ ಪರದೆಯಲ್ಲಂತೂ ಗುರುತು ಎದ್ದು ಕಾಣುತ್ತಿತ್ತು. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ ಅಂಟಿಕೊಂಡಿವೆ, ಕೆಲವು ಎಡಕ್ಕೆ. ಬಲದವಕ್ಕೆ ಅಡ್ಡಗೆರೆ, ಎಡದವಕ್ಕೆ ಓರೆಗೆರೆ. ಎಕ್ಸೆಲ್‌ನಲ್ಲಿ ನಿಜವಾದ ದಿನಾಂಕ ತಾನಾಗಿ ಬಲಕ್ಕೆ ಹೋಗುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ನಾನೇನು ಮಾಡಿದೆ? ಕಾಲಂ ಪೂರ್ತಿ ಆರಿಸಿ ನಡುವಿಗೆ ತಂದೆ, ಚೆನ್ನಾಗಿ ಕಾಣಲಿ ಅಂತ. ಹಾಗೆ ಮಾಡಿ ಗುರುತನ್ನೇ ಅಳಿಸಿಬಿಟ್ಟೆ. ಇದು ಮನಸ್ಸಿನಿಂದ ಹೋಗುತ್ತಿಲ್ಲ.

ತಪ್ಪು ಗೊತ್ತಾದ ಮೇಲೆ Region ಬದಲಿಸಿದರೆ ಸರಿ ಹೋಗುತ್ತದೆ ಅಂದುಕೊಳ್ಳಬೇಡಿ. ಹೋಗೋದಿಲ್ಲ. ಎಕ್ಸೆಲ್ ಪ್ರತಿ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಡುತ್ತದೆ. ಜೂನ್ 11ಕ್ಕೆ 45454, ನವೆಂಬರ್ 6ಕ್ಕೆ 45602. ಒಳಗೆ 45602 ಕೂತ ಮೇಲೆ ತೋರಿಸುವ ರೀತಿ ಎಷ್ಟು ಬದಲಿಸಿದರೂ ಅದು ನವೆಂಬರೇ. ನಾನು ಹೊಸ ಕಾಲಂ ಮಾಡಿ ಇದನ್ನು ಹಾಕಿದೆ:

```
=IF(ISNUMBER(A2),DATE(YEAR(A2),DAY(A2),MONTH(A2)),
DATE(RIGHT(A2,4),MID(A2,4,2),LEFT(A2,2)))
```

ದಿನಾಂಕ ಆಗಿಬಿಟ್ಟಿರುವಲ್ಲಿ ದಿನ ಮತ್ತು ತಿಂಗಳನ್ನು ಅದಲು ಬದಲು ಮಾಡುತ್ತದೆ. ಅಕ್ಷರವಾಗಿ ಉಳಿದಲ್ಲಿ ತುಂಡು ಮಾಡಿ ದಿನಾಂಕ ಕಟ್ಟುತ್ತದೆ. ಆದರೆ ಆಮೇಲೆ ಯಾರಾದರೂ ಕೈಯಲ್ಲಿ ಸರಿಯಾದ ದಿನಾಂಕ ಸೇರಿಸಿದ್ದರೆ ಅದನ್ನೂ ತಿರುಗಿಸಿಬಿಡುತ್ತದೆ. ನಮ್ಮಲ್ಲಿ ಹಾಗೆ ಸೇರಿಸಿದ್ದರು. ಅದಕ್ಕೇ ಕೊನೆಗೆ ಮೂಲ ಸಿಎಸ್‌ವಿ ಹುಡುಕಿ ಮತ್ತೆ ಮೊದಲಿಂದ ತಂದೆ. ಡಬಲ್ ಕ್ಲಿಕ್ ಮಾಡದೆ, ಫೈಲ್ ಹೆಸರಿನ ಕೊನೆಯ .csv ಅನ್ನು .txt ಮಾಡಿ, ಎಕ್ಸೆಲ್ ಒಳಗಿಂದ File > Open ಕೊಟ್ಟೆ. ಆಗ ಎಕ್ಸೆಲ್ ಪ್ರಶ್ನೆ ಕೇಳುತ್ತದೆ. ಮೊದಲ ಹಂತದಲ್ಲಿ Delimited, ಎರಡನೇ ಹಂತದಲ್ಲಿ Comma ಆರಿಸಿ, ಮೂರನೇ ಹಂತದಲ್ಲಿ ನಾಟಿ ದಿನಾಂಕದ ಕಾಲಂ ಒತ್ತಿ, Date ಪಕ್ಕದಲ್ಲಿ DMY ಆರಿಸಬೇಕು. ಆಮೇಲೆ ಕಂಪ್ಯೂಟರ್‌ನ ಸೆಟ್ಟಿಂಗ್ ಏನೇ ಇರಲಿ, ನೀವು ಹೇಳಿದ ಕ್ರಮದಲ್ಲೇ ಓದುತ್ತದೆ.

"ಸಣ್ಣ ವಿಷಯ, ಯಾಕಿಷ್ಟು ಎಳೀತೀರಿ?" ಅಂತಲೂ ಕೇಳಿಸಿಕೊಂಡೆ. ಬಲಿತ ಕಬ್ಬು ಗದ್ದೆಯಲ್ಲಿ ನಿಂತಷ್ಟೂ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಅದಕ್ಕೆ ಹಾಕಿದ ನೀರು, ಗೊಬ್ಬರ, ಸಾಲದ ಬಡ್ಡಿ ಯಾರ ತಲೆ ಮೇಲೆ? ಇದು ಸಣ್ಣದಾ?

ನಿನ್ನೆ ಪಟ್ಟಿ ಹೊಸದಾಗಿ ಹೊರಡಿಸಿದೆವು. ಯಜಮಾನರಿಗೆ ನಾನೇ ಫೋನ್ ಮಾಡಿ, ತಪ್ಪು ನಮ್ಮದು ಅಂತ ಹೇಳಿದೆ. "ಆಯ್ತು ಬುಡವ್ವಾ, ಪರ್ಮಿಟ್ ಕಳ್ಸು" ಅಂದರು. 18/06ರವರ ಮನೆಗೆ ಇವತ್ತು ಸಂಜೆ ಹೋಗಬೇಕು. ಅವರು ಇನ್ನೂ ಬಂದು ಕೇಳಿಲ್ಲ, ತಮ್ಮ ಸರದಿ ಬರಲಿಲ್ಲ ಅಂತಲೇ ಕಾಯುತ್ತಾ ಕೂತಿದ್ದಾರೆ. ಫೀಲ್ಡ್‌ಮನ್‌ಗಳಿಗೆ ಇನ್ನು ಮುಂದೆ ತಿಂಗಳನ್ನು ಅಕ್ಷರದಲ್ಲಿ, 11-Jun-2024 ಅಂತ ಟೈಪ್ ಮಾಡಿ ಅಂತ ಹೇಳಿ ಕಳಿಸಿದ್ದೇನೆ.