'ನೋಡೋಣ' ಅನ್ನುವವರಿಗೊಂದು ರಜೆ ಅರ್ಜಿ

ನಮ್ಮ ಮ್ಯಾನೇಜರು ರಜೆಗೆ ಇಲ್ಲ ಅಂದಿದ್ದನ್ನು ನಾನು ಈವರೆಗೆ ಕೇಳಿಲ್ಲ. ಅವರು ಹೇಳುವುದು ಒಂದೇ ಮಾತು: "ನೋಡೋಣ." ಇಲ್ಲ ಅಂದರೆ ಮುಖ ಊದಿಸಿಕೊಂಡಾದರೂ ಕೂರಬಹುದು. ನೋಡೋಣ ಅಂದವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಹಿಂದಿನ ದಿನ ಸಂಜೆಯವರೆಗೂ ನೋಡುತ್ತಲೇ ಇರುತ್ತಾರೆ. ನಾವು ಬಟ್ಟೆ ತುಂಬಿದ ಚೀಲವನ್ನು ಮತ್ತೆ ಬಿಚ್ಚುತ್ತೇವೆ.

ನಾನಿರುವುದು ಶಿವಮೊಗ್ಗದ ಒಂದು ಸಿಮೆಂಟು-ಕಬ್ಬಿಣದ ಡೀಲರ್ ಆಫೀಸಿನಲ್ಲಿ. ಲೆಕ್ಕ ನನ್ನದು. ಊರು ಸಾಗರದಿಂದ ಆಚೆ, ಮನೆ ಹಿಂದೆ ಅಡಿಕೆ ತೋಟ. ಕೊಯ್ಲಿನ ಹೊತ್ತಿಗೆ ಅಪ್ಪಯ್ಯನಿಗೆ ಒಂದು ಜೊತೆ ಕೈ ಜಾಸ್ತಿ ಬೇಕು. ಮರ ಹತ್ತುವುದು ಕೊನೆಗೌಡನ ಕೆಲಸ. ಅದು ನನ್ನಿಂದ ಆಗುವುದಲ್ಲ, ಕೆಳಗೆ ನಿಂತು ನೋಡಿದರೇ ಕಾಲು ನಡುಗುತ್ತದೆ. ಆದರೆ ಕೊನೆ ಹೊರುವುದು, ಸುಲಿಯುವ ಮೆಷಿನ್ನಿಗೆ ಕಾಯಿ ಹಾಕುವುದು, ರಾತ್ರಿ ಹಂಡೆ ಕೆಳಗೆ ಬೆಂಕಿ ನೋಡಿಕೊಳ್ಳುವುದು, ಇವು ನನಗೆ ಬರುತ್ತವೆ. ಕೊನೆಗೌಡ ಊರಿಗೊಬ್ಬನೂ ಇಲ್ಲ ಈಗ. ಅವನು ಕೊಟ್ಟ ದಿನವೇ ನಮಗೆ ಮುಹೂರ್ತ. ಈ ವರ್ಷ, ಅಂದರೆ 2026ರಲ್ಲಿ, ಅವನು ಕೊಟ್ಟಿದ್ದು ಜನವರಿ 22, ಗುರುವಾರ.

ಹಿಂದೊಮ್ಮೆ ನಾನು ಬಾಯಿಮಾತಿನಲ್ಲಿ ಕೇಳಿದ್ದೆ. "ಸಾರ್, ಕೊನೆ ಕೊಯ್ಲು ಇದೆ, ಮೂರು ದಿನ ಬೇಕಿತ್ತು." ಅವರು ಬಯಲುಸೀಮೆಯವರು. "ಕೊನೆ ಕೊಯ್ಲಾ? ಹಾಗಾದರೆ ಇದೇ ಕೊನೆ ಅಲ್ವಾ, ಮುಂದಿನ ವರ್ಷ ಕೇಳಲ್ಲ ತಾನೆ?" ಅಂದರು. ಕೊನೆ ಅಂದರೆ ಗೊನೆ ಸಾರ್, ಅಡಿಕೆ ಗೊನೆ ಅಂತ ವಿವರಿಸುವಷ್ಟರಲ್ಲಿ ಅವರಿಗೆ ಫೋನ್ ಬಂತು. ಆಮೇಲೆ ಏನಾಯಿತು ಅಂತ ಹೇಳಬೇಕಿಲ್ಲ. ನೋಡೋಣ.

ಹಾಗಾಗಿ ಈ ಸಲ ಬರೆದೇ ಕೇಳುವುದು ಅಂತ ನಿಶ್ಚಯಿಸಿ ಜನವರಿ 2ರ ರಾತ್ರಿ ಕೂತೆ. ಮೊದಲು ಬರೆದಿದ್ದು ಸಿಟ್ಟಿನ ಪತ್ರ. 'ಕಳೆದ ಮೂರು ವರ್ಷಗಳಿಂದ ನನಗೆ' ಅಂತ ಶುರುವಾಗಿ, ಪಕ್ಕದ ಟೇಬಲ್ಲಿನವರ ತಿರುಪತಿ ಪ್ರವಾಸದವರೆಗೂ ಹೋಯಿತು. ಓದಿ ನೋಡಿದರೆ ಅದರಲ್ಲಿ ರಜೆ ಯಾವತ್ತಿಂದ ಯಾವತ್ತಿನವರೆಗೆ ಅನ್ನುವುದೇ ಇರಲಿಲ್ಲ. ಎರಡನೆಯದು ದೈನ್ಯದ ಪತ್ರ. ಅಪ್ಪಯ್ಯನ ಮಂಡಿನೋವು, ಆಳು ಸಿಗದ ಕಷ್ಟ, ಅಮ್ಮನ ಬಿಪಿ ಎಲ್ಲ ಬಂತು. ಎಲ್ಲವೂ ನಿಜವೇ. ಆದರೆ ಓದುತ್ತಾ ಹೋದಂತೆ ಸಾಹೇಬರ ದನಿ ಕಿವಿಯಲ್ಲಿ ಕೇಳತೊಡಗಿತು: "ಮಂಡಿನೋವಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಭಾನುವಾರ ಆಗುತ್ತಲ್ಲ." "ಆಳು ಬೇಕಾದರೆ ನಮ್ಮ ಗೋಡೌನಿನ ಹುಡುಗನನ್ನು ಕೇಳಿ." ಒಂದು ಕಾರಣ ಕೊಟ್ಟರೆ ಅವರು ಅದೊಂದನ್ನು ಬಗೆಹರಿಸುತ್ತಾರೆ. ಐದು ಕೊಟ್ಟರೆ ಐದನ್ನೂ ಬಗೆಹರಿಸಿ, ಈಗ ರಜೆ ಯಾಕೆ ಅನ್ನುತ್ತಾರೆ. ಮನೆಯ ಕಷ್ಟಕ್ಕೆ ಪರಿಹಾರ ಹುಡುಕುವ ಅವಕಾಶ ಅವರಿಗೆ ಸಿಗಬಾರದು. ಆಫೀಸಿನ ಕಷ್ಟಕ್ಕೆ ಪರಿಹಾರ ನಾನೇ ಹುಡುಕಿಟ್ಟಿರಬೇಕು. ಕಾರಣಕ್ಕೆ ಒಂದೇ ಸಾಲು ಸಾಕು ಅಂತ ಆಗ ಅನ್ನಿಸಿತು.

ಮೂರನೆಯ ಸಲ ಪತ್ರ ಬರೆಯಲಿಲ್ಲ. ಅವರು ಈವರೆಗೆ ನನಗೂ ಬೇರೆಯವರಿಗೂ ಹೇಳಿದ ತಕರಾರುಗಳನ್ನು ಹಳೇ ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡೆ. ಜಿಎಸ್‌ಟಿ ಡೇಟ್ ಇದೆ. ಲಾರಿಗೆ ಇ-ವೇ ಬಿಲ್ ಯಾರು ಮಾಡ್ತಾರೆ. ಪೇಮೆಂಟ್ ನಿಲ್ಲುತ್ತೆ. ನಿಮ್ಮೂರಲ್ಲಿ ಫೋನ್ ಹತ್ತಲ್ಲ. ಮುಂದಿನ ವಾರ ಹೋಗಿ. ಇಷ್ಟೇ. ಇಷ್ಟು ವರ್ಷದ ಗೋಳಿಗೆ ಬರೀ ಐದು ಸಾಲು! ಎದುರಿಗೆ ನಿಂತಾಗ ಐವತ್ತು ಇದ್ದಂತೆ ಕಾಣುತ್ತಿತ್ತು.

ಮೊದಲನೆಯದಕ್ಕೆ ಕ್ಯಾಲೆಂಡರೇ ಉತ್ತರ. ನಮ್ಮದು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯವಹಾರ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಲೆಕ್ಕದವರ ತಿಂಗಳು ಅಂದರೆ ಈ ನಾಲ್ಕು ಗುಂಡಿ ಹಾರುವುದು. 20 ದಾಟಿದರೆ ತಿಂಗಳ ಕೊನೆಯ ಸಂಬಳದ ಕೆಲಸದವರೆಗೆ ಸ್ವಲ್ಪ ಉಸಿರು. ಕೊನೆಗೌಡನಿಗೆ ಜಿಎಸ್‌ಟಿ ಗೊತ್ತಿಲ್ಲ, ಆದರೂ 22ನ್ನೇ ಕೊಟ್ಟಿದ್ದಾನೆ. ದೊಡ್ಡ ಮನುಷ್ಯ.

ಪೇಮೆಂಟಿನದು ಇನ್ನೂ ಸುಲಭವಾಯಿತು. 24 ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. 25 ಭಾನುವಾರ. 26 ಗಣರಾಜ್ಯೋತ್ಸವ. ಅಂದರೆ ನಾನಿಲ್ಲದ ಐದು ದಿನಗಳಲ್ಲಿ ಬ್ಯಾಂಕು ತೆರೆಯುವುದು ಎರಡೇ ದಿನ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ರಜೆಗೆ ರಜೆ ಅಂಟಿಸಿದರೆ 'ಟೂರ್ ಹಾಕಿದಾನೆ' ಅನ್ನುವ ಅನುಮಾನ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಅವರೇ ಕಂಡುಹಿಡಿಯುತ್ತಾರೆ, ಕಂಡುಹಿಡಿದ ಖುಷಿಗೆ ರಜೆ ಕತ್ತರಿಸುತ್ತಾರೆ. ನಾನೇ ಹೇಳಿಬಿಡುವುದು ಒಳ್ಳೆಯದು.

ಇ-ವೇ ಬಿಲ್ ಮಾತ್ರ ನಿಜವಾದ ತಕರಾರು. 50,000 ರೂಪಾಯಿ ಮೀರಿದ ಮಾಲು ಲಾರಿ ಹತ್ತಿದರೆ ಆ ಬಿಲ್ ಬೇಕೇ ಬೇಕು. ನಮ್ಮಲ್ಲಿ ಅದರ ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ ಮಾತ್ರ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೆ ಒಂಚೂರು ಜಂಭವೂ ಇತ್ತು. ನಾನಿಲ್ಲದಿದ್ದರೆ ಲಾರಿ ಕದಲಲ್ಲ ಅಂತ. ರಜೆ ಸಿಗದಿರುವುದಕ್ಕೆ ಅರ್ಧ ಕಾರಣ ಆ ಜಂಭವೇ ಅಂತ ಹೊಳೆದದ್ದು ಈ ಪಟ್ಟಿ ಮಾಡುವಾಗ. ಆ ಪೋರ್ಟಲ್‌ನಲ್ಲಿ ಸಬ್ ಯೂಸರ್ ಅಂತ ಮಾಡುವ ಅವಕಾಶ ಇದೆ. ಇನ್ನೊಬ್ಬರಿಗೆ ಅವರದೇ ಹೆಸರು, ಅವರದೇ ಪಾಸ್‌ವರ್ಡ್ ಕೊಡಬಹುದು. ಮಾರನೇ ದಿನವೇ ಮಾಲೀಕರಿಂದ ಒಪ್ಪಿಗೆ ಪಡೆದು ಬಿಲ್ಲಿಂಗ್ ಹುಡುಗನಿಗೆ ಮಾಡಿಸಿಕೊಟ್ಟೆ. ಪತ್ರದಲ್ಲಿ 'ಕಲಿಸುತ್ತೇನೆ' ಅಂತ ಬರೆಯುವುದಕ್ಕೂ 'ಕಲಿಸಿದ್ದೇನೆ, ಎರಡು ಲಾರಿಗೆ ಅವನೇ ಮಾಡಿದ್ದಾನೆ' ಅಂತ ಬರೆಯುವುದಕ್ಕೂ ಅಜಗಜಾಂತರ. ಅದಕ್ಕಾಗಿ ಪತ್ರವನ್ನು ಎರಡು ದಿನ ತಡೆದು, 5ನೇ ತಾರೀಕು ಸೋಮವಾರ ಬೆಳಿಗ್ಗೆ ಮೇಲ್ ಮಾಡಿದೆ:

'ಮಾನ್ಯರೇ, ಜನವರಿ 22, 23, 24 ಮೂರು ದಿನ ಗಳಿಕೆ ರಜೆ ಕೋರುತ್ತೇನೆ. 25 ಮತ್ತು 26 ಹೇಗೂ ರಜೆ ಇರುವುದರಿಂದ ಒಟ್ಟು ಐದು ದಿನ ಆಗುತ್ತದೆ. 27, ಮಂಗಳವಾರ ಬೆಳಿಗ್ಗೆ 9.30ಕ್ಕೆ ಕೆಲಸಕ್ಕೆ ಬರುತ್ತೇನೆ. ನನ್ನ ಖಾತೆಯಲ್ಲಿ 11 ದಿನ ರಜೆ ಇದೆ.

ಕಾರಣ: ಮನೆಯ ಅಡಿಕೆ ಕೊಯ್ಲು. ಕೊಯ್ಯುವವರು ಕೊಟ್ಟ ದಿನ ಇದು. ಮುಂದೆ ಹಾಕಿದರೆ ಕಾಯಿ ಹಣ್ಣಾಗಿ ಗೋಟಾಗುತ್ತದೆ, ಬೆಲೆ ಇಳಿಯುತ್ತದೆ.

ಜಿಎಸ್‌ಟಿಆರ್-3ಬಿ 20ರ ಬದಲು 19ಕ್ಕೇ ಮುಗಿಸುತ್ತೇನೆ. ಒಟಿಪಿಗಾಗಿ ಅಂದು ಮಧ್ಯಾಹ್ನ ಮಾಲೀಕರ ಸಮಯ ಕೇಳಿಟ್ಟಿದ್ದೇನೆ. ಇ-ವೇ ಬಿಲ್ ಅನ್ನು ಬಿಲ್ಲಿಂಗ್ ವಿಭಾಗದಲ್ಲಿ ಮಾಡುತ್ತಾರೆ. ಶನಿವಾರ ಎರಡು ಲಾರಿಗೆ ಅವರೇ ಮಾಡಿದ್ದಾರೆ, ಪ್ರತಿ ಲಗತ್ತಿಸಿದ್ದೇನೆ. 22 ಮತ್ತು 23ರ ಪೇಮೆಂಟ್ ಪಟ್ಟಿಯನ್ನು 21ರ ಸಂಜೆ ನಿಮ್ಮ ಸಹಿಗೆ ಇಡುತ್ತೇನೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಪ್ರತಿದಿನ ಸಂಜೆ 6ರಿಂದ 6.30ರವರೆಗೆ ಸಿಗ್ನಲ್ ಇರುವ ಜಾಗದಲ್ಲಿ ಇರುತ್ತೇನೆ, ಆಗ ಫೋನ್ ಮಾಡಬಹುದು.

10ರೊಳಗೆ ತಿಳಿಸಿದರೆ ಕೊಯ್ಯುವವರಿಗೆ ಖಚಿತವಾಗಿ ಹೇಳಲು ಅನುಕೂಲ.'

'ದಯವಿಟ್ಟು' ಅಂತ ಎಲ್ಲೂ ಹಾಕಲಿಲ್ಲ. ಹಾಕಬಾರದು ಅಂತಲ್ಲ, ಜಾಗ ಕಾಣಲಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನ ಸಂಬಳ ಸಹಿತ ರಜೆ ಅಂತ ಇದೆ. ಅದನ್ನೂ ಬರೆಯೋಣ ಅಂತ ಕೈ ತುರಿಸಿತು. ಬರೆಯಲಿಲ್ಲ. ಖಾತೆಯಲ್ಲಿ 11 ದಿನ ಇದೆ ಅಂದರೆ ಅದು ಲೆಕ್ಕ. ಕಾಯ್ದೆ ಹೆಸರು ತೆಗೆದರೆ ಅದು ಕತ್ತಿ. ಲೆಕ್ಕದಲ್ಲಿ ಆಗದಿದ್ದರೆ ಆಮೇಲೆ ಇದ್ದೇ ಇದೆ ಕತ್ತಿ. ಹಾಗೆಯೇ 'ಉತ್ತರ ಬಾರದಿದ್ದರೆ ಒಪ್ಪಿಗೆ ಅಂತ ತಿಳಿಯುತ್ತೇನೆ' ಅನ್ನುವ ಸಾಲನ್ನೂ ಬರೆದು ಅಳಿಸಿದೆ. ಅದನ್ನು ನಂಬಿ ಬಸ್ ಹತ್ತಿದವರಿಗೆ ತಿಂಗಳ ಕೊನೆಯಲ್ಲಿ ಸಂಬಳ ಕತ್ತರಿಸಿದ್ದನ್ನು ನಾನೇ ನಮೂದಿಸಿದ್ದೇನೆ.

ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಉತ್ತರ ಬಂತು, ಒಂದೇ ಸಾಲು: '31ಕ್ಕೆ ಟಿಡಿಎಸ್ ರಿಟರ್ನ್ ಇದೆಯಲ್ಲ?'

ಕುರ್ಚಿಯಲ್ಲೇ ಕುಸಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳ ರಿಟರ್ನ್, ಜನವರಿ 31ಕ್ಕೆ ಕೊನೇ ದಿನ. ತಿಂಗಳ ನಾಲ್ಕು ಗುಂಡಿ ಎಣಿಸುತ್ತಾ ಮೂರು ತಿಂಗಳಿಗೊಮ್ಮೆ ಬರುವ ಈ ಬಾವಿಯನ್ನೇ ಮರೆತಿದ್ದೆ. ಒಪ್ಪಬೇಕಾದ್ದೇ, ಅವರು ನೋಡೋಣ ಅಂದಾಗ ನಿಜವಾಗಿಯೂ ನೋಡುತ್ತಾರೆ. ಆಗ ಮೈ ಬಿಸಿಯಾಗುತ್ತದೆ ನೋಡಿ, 'ಬರೀ ತಪ್ಪು ಹುಡುಕುತ್ತಾರೆ' ಅನ್ನಿಸುತ್ತದೆ. ಟೀ ಕುಡಿದು ಬಂದೆ. ಆಮೇಲೆ ಬರೆದೆ: 'ಹೌದು ಸಾರ್, ಅದನ್ನು ಸೇರಿಸಿರಲಿಲ್ಲ. ಚಲನ್ ಮತ್ತು ಪ್ಯಾನ್ ಪಟ್ಟಿಯನ್ನು 17ಕ್ಕೆ ಆಡಿಟರ್ ಕಚೇರಿಗೆ ಕೊಡುತ್ತೇನೆ. ಅವರು ಏನಾದರೂ ಕೇಳಿದರೆ ಸರಿಪಡಿಸಲು 27ರಿಂದ 31ರವರೆಗೆ ಐದು ದಿನ ಇದೆ.' ಹತ್ತು ನಿಮಿಷದಲ್ಲಿ 'ಓಕೆ' ಬಂತು. ನೋಡೋಣ ಅಲ್ಲ, ಓಕೆ. ಆ ಮೇಲನ್ನು ಪ್ರಿಂಟ್ ತೆಗೆದು ಡ್ರಾಯರಿನಲ್ಲಿಟ್ಟೆ.

ಇದೆಲ್ಲ ಅವರಿಗಿದ್ದದ್ದು ಕೆಲಸದ ತಕರಾರು ಆದ್ದರಿಂದ ನಡೆಯಿತು. 'ನಿಮಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ' ಅಂತ ಬಂದಿದ್ದರೆ ನನ್ನ ಯಾವ ಪಟ್ಟಿಯಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

22ರಂದು ಕೊನೆಗೌಡ ಹೇಳಿದ ಹೊತ್ತಿಗೇ ಬಂದ. ಹಗಲು ಕೊನೆ, ಸಂಜೆ ಮೆಷಿನ್, ರಾತ್ರಿ ಹಂಡೆ. ಚೊಗರಿನಲ್ಲಿ ಬೆಂದ ಅಡಿಕೆಯನ್ನು ಬೆಳಿಗ್ಗೆ ಚಪ್ಪರದ ಮೇಲೆ ಹರವಿದೆವು. ಪ್ರತಿ ಸಂಜೆ 6ಕ್ಕೆ, ಮಾತು ಕೊಟ್ಟಂತೆ, ತೋಟದ ಮೇಲಿನ ಗುಡ್ಡ ಹತ್ತಿ ನೇರಳೆ ಮರದ ಕೆಳಗೆ ಫೋನ್ ಹಿಡಿದು ಕೂತೆ. ಗುರುವಾರ ಯಾರೂ ಮಾಡಲಿಲ್ಲ. ಶುಕ್ರವಾರವೂ ಇಲ್ಲ. ಸಮಾಧಾನವೇ ಆಗಬೇಕಿತ್ತು, ಸ್ವಲ್ಪ ಬೇಜಾರೂ ಆಯಿತು.

ಶನಿವಾರ 6.10ಕ್ಕೆ ಫೋನ್ ಕುಂಯ್ಗುಟ್ಟಿತು. ಸಾಹೇಬರ ಮೆಸೇಜು: 'ಬೀರು ಕೀಲಿ ಎಲ್ಲಿ?'

ಚೊಗರು ಹತ್ತಿ ಕೆಂಪಾದ ಬೆರಳುಗಳಲ್ಲಿ ಪ್ಯಾಂಟಿನ ಜೇಬು ತಡಕಿದೆ. ಅಲ್ಲೇ ಇತ್ತು.